ಬಚ್ಚಲ ಬಾಗಿಲು ದಾಟಿದ್ದು ಯಾವುದು?

ಅಮ್ಮನ ತೂಕ 82 ಕಿಲೋ. ಎಡ ಮಂಡಿಯಲ್ಲಿ ಬಲವಿಲ್ಲ. ಆಸರೆ ಸಿಕ್ಕರೆ ಎದ್ದು ಕೆಲವು ಹೆಜ್ಜೆ ಇಡುತ್ತಾಳೆ. ನಮ್ಮ ಬಚ್ಚಲುಮನೆಯ ಚೌಕಟ್ಟಿನ ಅಗಲ 62 ಸೆಂ.ಮೀ. ಆದರೆ ತೆರೆದ ಬಾಗಿಲೇ ಒಂದಿಷ್ಟು ಜಾಗ ನುಂಗುತ್ತದೆ, ಉಳಿಯುವುದು 58. ವೀಲ್‌ಚೇರ್, ಕಮೋಡ್ ಕುರ್ಚಿ, ವಾಕರ್ ಮೂರನ್ನೂ ಮನೆಗೆ ತರಿಸಿ ಈ ಬಾಗಿಲಿನಲ್ಲೇ ಪರೀಕ್ಷಿಸಿದೆ.

ದೊಡ್ಡ ಚಕ್ರದ ವೀಲ್‌ಚೇರ್ ಅಲ್ಲೇ ಸೋತಿತು. ಅದರ ಆಸನ 45 ಸೆಂ.ಮೀ., ಆದರೆ ಚಕ್ರ ಮತ್ತು ಅದನ್ನು ಕೈಯಿಂದ ಉರುಳಿಸುವ ಬಳೆ ಸೇರಿ ಹೊರಅಗಲ 65. ಮಡಚುತ್ತದಲ್ಲ ಎನ್ನಬಹುದು, ಕೂತವರು ಎದ್ದ ಮೇಲಷ್ಟೇ ಮಡಚಲು ಸಾಧ್ಯ, ಆ ಸೌಲಭ್ಯವಿರುವುದು ಕಾರಿನಲ್ಲಿ ಒಯ್ಯಲು ಮತ್ತು ಮೂಲೆಯಲ್ಲಿ ಎತ್ತಿಡಲು. ಸಣ್ಣ ಚಕ್ರದ ಇನ್ನೊಂದು ಕುರ್ಚಿಯ ಹೊರಅಗಲ 55 ಆದ್ದರಿಂದ ಅದು ಒಳಗೆ ಹೋಯಿತು. ಆದರೆ ಅಮ್ಮ ಅದನ್ನು ತಾನೇ ಉರುಳಿಸಲಾರಳು, ಹೊಸ್ತಿಲಿಗೆ ಚಕ್ರ ತಡೆದರೆ ತಿರುಗಿಸಿ ಹಿಂದುಹಿಂದಾಗಿ ಎಳೆಯಬೇಕು.

ಹೆಚ್ಚು ಹೊತ್ತು ಹಿಡಿದದ್ದು ಕಮೋಡ್ ಕುರ್ಚಿಯ ಆಯ್ಕೆ. ಮಡಚುವ ಮಾದರಿಯ ಮೇಲೆ 100 ಕಿಲೋ ಎಂದು ಬರೆದಿತ್ತು. 82ಕ್ಕೆ ಅಷ್ಟು ಸಾಕು ಎನಿಸುತ್ತದೆ. ಆದರೆ ಮಂಡಿ ನೋಯುವವರು ಮೆಲ್ಲಗೆ ಕೂರುವುದಿಲ್ಲ, ಕೊನೆಯ ಗೇಣಿನಲ್ಲಿ ಧೊಪ್ಪನೆ ಕುಸಿಯುತ್ತಾರೆ. ಏಳುವಾಗ ಒಂದೇ ಕೈಹಿಡಿಯ ಮೇಲೆ ಭಾರ ಬಿಡುತ್ತಾರೆ. ಆ ಪೆಟ್ಟು ಮೈತೂಕಕ್ಕಿಂತ ಹೆಚ್ಚಿನದು. ನಾನೇ ಕೂತು ಬಲಗೈ ಊರಿ ಎದ್ದಾಗ ಕೀಲು ಕಿರುಗುಟ್ಟಿತು, ಎಡಗಡೆಯ ಕಾಲು ನೆಲ ಬಿಟ್ಟಿತು. 135 ಕಿಲೋ ಎಂದು ಬರೆದಿದ್ದ, ಮಡಚದ ನಾಲ್ಕು ಕಾಲಿನ ಕುರ್ಚಿ ಅದೇ ಪರೀಕ್ಷೆಯಲ್ಲಿ ಅಲುಗಲಿಲ್ಲ. ಚಕ್ರವಿರುವ ಕಮೋಡನ್ನೂ ನೋಡಿದೆ: ಬ್ರೇಕ್ ಚಕ್ರವನ್ನು ತಡೆಯುತ್ತದೆ ನಿಜ, ಒದ್ದೆ ಹಾಸುಗಲ್ಲಿನ ಮೇಲೆ ಇಡೀ ಕುರ್ಚಿ ಜಾರುವುದನ್ನು ತಡೆಯುವುದಿಲ್ಲ.

ವಾಕರ್ ತೂಕ 3 ಕಿಲೋ ಆಸುಪಾಸು, ಮಡಚಿದರೆ ಮಂಚದ ಪಕ್ಕಕ್ಕೆ ಒರಗುತ್ತದೆ. ಅಗಲವನ್ನು ಹಿಡಿಯ ಬಳಿಯಲ್ಲ, ಕಾಲುಗಳು ಹೊರಚಾಚುವ ಬುಡದಲ್ಲಿ ಅಳೆಯಬೇಕು. ನಮ್ಮದು 56, ಆದ್ದರಿಂದ ನೇರವಾಗಿ ಒಳಗೆ ಹೋಯಿತು. ಇನ್ನೂ ಅಗಲವಿದ್ದರೆ ಅದನ್ನು ಎತ್ತಿ ಅಡ್ಡ ತಿರುಗಿಸಬೇಕಿತ್ತು, ಬೀಳುವ ಅಪಾಯ ಇರುವುದು ಆ ಗಳಿಗೆಯಲ್ಲೇ. ಚಕ್ರವಿಲ್ಲದ್ದನ್ನು ಪ್ರತಿ ಹೆಜ್ಜೆಗೂ ಎತ್ತಿ ಅಮ್ಮ ಸುಸ್ತಾದಳು; ಮುಂದೆರಡು ಚಕ್ರವಿರುವುದು ಅವಳಿಗೆ ಒಗ್ಗಿತು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರಕ್ಕೆ ಹಿಡಿ ಹೊಂದಿಸಿದೆವು.

ಹಾಗಾಗಿ ಹಗಲಿಗೆ ವಾಕರ್, ರಾತ್ರಿಗೆ ಮಡಚದ ಕಮೋಡ್ ಕೊಂಡೆವು. ವೀಲ್‌ಚೇರ್ ದೂರದ ಓಡಾಟಕ್ಕೆ ಮಾತ್ರ, ಬೇಕಾದಾಗ ಬಾಡಿಗೆಗೆ ತಂದರಾಯಿತು. ಕಮೋಡ್ ಮಂಚದ ಪಕ್ಕ ಸುಮಾರು 60 ಸೆಂ.ಮೀ. ಚೌಕದಷ್ಟು ಜಾಗ ಹಿಡಿಯಿತು, ಒಂದು ಕಪಾಟು ಹೊರಹೋಗಬೇಕಾಯಿತು. ಅಮ್ಮನ ಗಟ್ಟಿ ಕಾಲು ಬಲಗಾಲು. ಅವಳು ಮಂಚದಂಚಿನಲ್ಲಿ ಕೂತಾಗ ಬಲಕ್ಕೆ ಬರುವಂತೆ ಕಮೋಡ್ ಇಟ್ಟಿದ್ದೇವೆ.