ಅಡ್ಮಿಷನ್ ಮುಂದೂಡಲು ಪತ್ರ ಕಳಿಸಿದೆವು, ವೀಸಾ ಕೇಸೇ ಸಿಕ್ಕಿಹಾಕಿಕೊಂಡಿತು

ಅಮೆರಿಕದ ಎಫ್-1 ವೀಸಾ ತಡವಾಗಿದೆ, ಹಾಗಾಗಿ ಮುಂದಿನ ಸೆಮಿಸ್ಟರ್‌ಗೆ ಹಾಕಿ ಎಂದು ಯೂನಿವರ್ಸಿಟಿಗೆ ಪತ್ರ ಬರೆಯಲು ಹೊರಟಿದ್ದೀರಾ? ಕಳಿಸುವ ಮೊದಲು ಇದನ್ನು ಓದಿಬಿಡಿ. ನನ್ನ ತಂಗಿಯ ವಿಷಯದಲ್ಲಿ ವೀಸಾ ಸಿಗದೇ ಹೋಗಲು ಇಂಟರ್‌ವ್ಯೂ ಕಾರಣವಲ್ಲ. ಕಾರಣ ಆ ಒಂದು ಪುಟದ ಪತ್ರ.

ಅವಳು ಮಾಸ್ಟರ್ಸ್‌ಗೆ ಸೇರಬೇಕಿತ್ತು. ವೀಸಾಗೆ ಬೇಕು ಅಂತ ಯೂನಿವರ್ಸಿಟಿ ಕೊಡುವ ಐ-20 ಎಂಬ ಕಾಗದದಲ್ಲಿ ಕೋರ್ಸ್ ಶುರುವಾಗುವ ದಿನ ಆಗಸ್ಟ್ 18. ಜುಲೈನಲ್ಲಿ ಇಂಟರ್‌ವ್ಯೂ ಚೆನ್ನಾಗೇ ಆಯಿತು. ಆದರೆ ಆಫೀಸರ್ 221(ಜಿ) ಎಂದು ಬರೆದ ಚೀಟಿ ಕೈಗಿಟ್ಟರು. ಇನ್ನಷ್ಟು ಪರಿಶೀಲನೆ ಬಾಕಿ ಇದೆ ಎಂದು ಅದರ ಅರ್ಥ. ಕಾನ್ಸುಲೇಟಿನ ಸ್ಟೇಟಸ್ ಪುಟದಲ್ಲಿ ಮಾತ್ರ `Refused` ಅಂತ ಕಾಣುತ್ತದೆ. ಅದನ್ನು ನೋಡಿ ಮನೆಯಲ್ಲಿ ಎಲ್ಲರಿಗೂ ಎದೆ ಧಸಕ್ ಎಂದಿತು. ನಿಜಕ್ಕೂ ಅದು ಕೊನೆಯ ನಿರಾಕರಣೆ ಅಲ್ಲ, ಕೇಸ್ ಇನ್ನೂ ತೆರೆದೇ ಇರುತ್ತದೆ. ಅವರು ಕೇಳಿದ ಕಾಗದ ಕೊಡಲು ಒಂದು ವರ್ಷದವರೆಗೆ ಸಮಯವೂ ಇರುತ್ತದೆ.

ಆಗಸ್ಟ್ ಮುಗಿಯುತ್ತಾ ಬಂತು, ಪಾಸ್‌ಪೋರ್ಟ್ ಬರಲಿಲ್ಲ. ತಡವಾಗಿ ಬಂದರೂ ಸೇರಿಸಿಕೊಳ್ಳುವ ಕೊನೆಯ ದಿನ ಅಂತ ಯೂನಿವರ್ಸಿಟಿ ಹೇಳಿದ್ದ ತಾರೀಖು ಹತ್ತಿರವಾಯಿತು. ಜನವರಿಗೆ ಮುಂದೂಡುವುದೇ ಸರಿ ಎಂದುಕೊಂಡೆವು. ಆ ನಿರ್ಧಾರ ಈಗಲೂ ಸರಿಯಾಗಿಯೇ ಇತ್ತು ಅನ್ನಿಸುತ್ತದೆ. ಕೆಟ್ಟಿದ್ದು ಅಲ್ಲಿಂದ ಮುಂದೆ.

ಅವಳ ಅರ್ಜಿ ನೋಡಿಕೊಳ್ಳುತ್ತಿದ್ದ ಕನ್ಸಲ್ಟೆನ್ಸಿಯವರು ಒಂದು ರೆಡಿಮೇಡ್ ಪತ್ರ ಕಳಿಸಿದರು. ಎಲ್ಲ ವಿದ್ಯಾರ್ಥಿಗಳಿಗೂ ಅದನ್ನೇ ಕೊಡುತ್ತಾರಂತೆ, ಹೆಸರು ಮಾತ್ರ ಬದಲು. ಅದರ ಸಾರಾಂಶ ಇಷ್ಟು: ವೀಸಾ ಸಿಗಲಿಲ್ಲ, ಫಾಲ್ ಸೆಮಿಸ್ಟರ್‌ನ ಅಡ್ಮಿಷನ್‌ನಿಂದ ಹಿಂದೆ ಸರಿಯುತ್ತಿದ್ದೇನೆ, ಸ್ಪ್ರಿಂಗ್‌ಗೆ ಹೊಸದಾಗಿ ಪರಿಗಣಿಸಿ. ಪತ್ರ ಹೋಗಿದ್ದು ಡಿಪಾರ್ಟ್‌ಮೆಂಟಿಗೆ ಮಾತ್ರ. ಒಂದೇ ವಾರದಲ್ಲಿ ಒಪ್ಪಿಗೆ ಬಂತು, ಜನವರಿಯ ಹೊಸ ಅಡ್ಮಿಷನ್ ಲೆಟರ್ ಕೂಡ ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಯೂನಿವರ್ಸಿಟಿ ಅಂದರೆ ಒಂದೇ ಆಫೀಸ್ ಅಲ್ಲ. ಅಡ್ಮಿಷನ್ ಕೊಡುವುದು ಡಿಪಾರ್ಟ್‌ಮೆಂಟ್ ಅಥವಾ ಗ್ರಾಜುಯೇಟ್ ಸ್ಕೂಲ್. ಐ-20 ಕೊಡುವುದು ಇಂಟರ್‌ನ್ಯಾಷನಲ್ ಆಫೀಸಿನಲ್ಲಿರುವ ಡಿಎಸ್‌ಓ ಎಂಬ ಅಧಿಕಾರಿ. ಡಿಎಸ್‌ಓ ಕೆಲಸ ಮಾಡುವುದು ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿ. ಐ-20ಯ ಮೇಲೆ N ಅಕ್ಷರದಿಂದ ಶುರುವಾಗಿ 10 ಅಂಕಿಗಳಿರುವ ನಂಬರ್ ಇದೆಯಲ್ಲ, ಅದೇ ಸೆವಿಸ್ ಐಡಿ. ಡಿಎಸ್-160 ಫಾರ್ಮ್‌ನಲ್ಲಿ ತುಂಬಿದ್ದು ಅದೇ ನಂಬರ್. 350 ಡಾಲರ್‌ನ ಐ-901 ಫೀ ಕಟ್ಟಿದ್ದೂ ಅದೇ ನಂಬರಿಗೆ. ಮುಂದೆ ವೀಸಾ ಸ್ಟಿಕ್ಕರ್ ಮೇಲೆ ಅಚ್ಚಾಗುವುದೂ ಅದೇ. ಕಾನ್ಸುಲೇಟಿನವರು ವೀಸಾ ಕೊಡುವ ಮುಂಚೆ ಇದೇ ದಾಖಲೆಯನ್ನು ತೆರೆದು ನೋಡುತ್ತಾರೆ. ಹೊಸ ವಿದ್ಯಾರ್ಥಿಯದ್ದು ಅಲ್ಲಿ `Initial` ಅಂತ ಇರಬೇಕು.

ದಾಖಲೆ ಆ ಸ್ಥಿತಿಯಲ್ಲಿ ಇರುವವರೆಗೆ ಡಿಎಸ್‌ಓ ಕೋರ್ಸ್ ಶುರುವಾಗುವ ತಾರೀಖನ್ನು ಮುಂದಕ್ಕೆ ಹಾಕಬಹುದು. ನಂಬರ್ ಅದೇ, ಕಟ್ಟಿದ ಫೀ ಅದೇ, ಹೊಸ ತಾರೀಖಿನ ಐ-20 ಬರುತ್ತದೆ ಅಷ್ಟೇ. ಇನ್ನೊಂದು ದಾರಿ ಎಂದರೆ ಹಳೆಯ ದಾಖಲೆ ರದ್ದು ಮಾಡಿ, ಹೊಸ ನಂಬರಿನಲ್ಲಿ ಹೊಸ ದಾಖಲೆ ತೆರೆಯುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಜನವರಿಯ ಐ-20 ಕೈಗೆ ಸಿಗುತ್ತದೆ. ಆದರೆ ಪೆಂಡಿಂಗ್ ಇರುವ ವೀಸಾ ಕೇಸಿಗೆ ಇವು ಪೂರಾ ಬೇರೆ ಬೇರೆ.

ನಮ್ಮ ಪತ್ರದಲ್ಲಿ ಹಿಂದೆ ಸರಿಯುತ್ತೇನೆ ಎಂದಿತ್ತಲ್ಲ, ಡಿಪಾರ್ಟ್‌ಮೆಂಟ್ ಅದನ್ನು ಹಾಗೇ ಇಂಟರ್‌ನ್ಯಾಷನಲ್ ಆಫೀಸಿಗೆ ದಾಟಿಸಿತು. ಅವರು ಹಳೆಯ ದಾಖಲೆ ರದ್ದು ಮಾಡಿದರು. ವೀಸಾ ಕೇಸ್ ಇನ್ನೂ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಪತ್ರದಲ್ಲಿ ‘ವೀಸಾ ಸಿಗಲಿಲ್ಲ’ ಅಂತಷ್ಟೇ ಇತ್ತು, 221(ಜಿ) ಬಗ್ಗೆ ಒಂದಕ್ಷರವೂ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಕಾನ್ಸುಲೇಟಿನಿಂದ ಮೇಲ್ ಬಂತು. ಪರಿಶೀಲನೆ ಮುಗಿದಿದೆ, ಆದರೆ ಸೆವಿಸ್ ದಾಖಲೆ `Canceled` ಎಂದು ತೋರಿಸುತ್ತಿದೆ, ಹಾಗಾಗಿ ವೀಸಾ ಕೊಡಲು ಆಗುವುದಿಲ್ಲ ಅಂತ. ಹೊಸ ಐ-20, ಆ ನಂಬರಿಗೆ ಫೀ ಕಟ್ಟಿದ ರಸೀದಿ, ಹೊಸ ಡಿಎಸ್-160 ಎಲ್ಲ ಕೇಳಿದರು. ತಿಂಗಳುಗಟ್ಟಲೆ ಕಾದಿದ್ದ ಪರಿಶೀಲನೆ ಮುಗಿದ ಹೊತ್ತಿಗೆ ಸ್ಟಿಕ್ಕರ್ ಅಂಟಿಸಲು ದಾಖಲೆಯೇ ಇರಲಿಲ್ಲ ನೋಡಿ!

ಡಿಎಸ್‌ಓ ಹತ್ತಿರ ಕೇಳಿದರೆ, ರದ್ದಾದ ದಾಖಲೆಗೆ ಜೀವ ಕೊಡುವುದು ನಮ್ಮ ಕೈಯಲ್ಲಿಲ್ಲ ಎಂದರು. ಹೊಸ ಐ-20ಗೆ ಬ್ಯಾಂಕಿನ ಕಾಗದಗಳನ್ನು ಮತ್ತೆ ಕೊಡಬೇಕಾಯಿತು. ಲೋನ್ ಮಂಜೂರಾತಿ ಪತ್ರ ಹಳೆಯ ಸೆಮಿಸ್ಟರ್ ಹೆಸರಿನಲ್ಲಿತ್ತು, ಅದನ್ನೂ ಬದಲಾಯಿಸಿಕೊಂಡು ಬಂದೆವು. 350 ಡಾಲರ್ ಮಾತ್ರ ಉಳಿಯಿತು. ಹಳೆಯ ನಂಬರಿಗೆ ಕಟ್ಟಿದ ಐ-901 ಫೀಯನ್ನು ಹೊಸ ನಂಬರಿಗೆ ವರ್ಗಾಯಿಸಿ ಎಂದು ಸೆವಿಸ್ ನಡೆಸುವ ಎಸ್‌ಇವಿಪಿಗೆ ಮನವಿ ಕಳಿಸಬಹುದು. ಎರಡೂ ಐ-20, ಹಳೆಯ ರಸೀದಿ ಜೊತೆಗಿಟ್ಟು ಕೇಳಿದೆವು, ಮಾಡಿಕೊಟ್ಟರು. ಕನ್ಸಲ್ಟೆನ್ಸಿಯವರು ಮಾತ್ರ ‘ಮತ್ತೆ ಕಟ್ಟಿಬಿಡಿ, ಬೇಗ ಆಗುತ್ತೆ’ ಅನ್ನುತ್ತಿದ್ದರು. ದುಡ್ಡು ಅವರದ್ದಲ್ಲ ಅಲ್ವಾ.

ದೊಡ್ಡ ಪೆಟ್ಟು ಬಿದ್ದದ್ದು ಅವಳಿಗೆ ಸಿಕ್ಕಿದ್ದ ಅಸಿಸ್ಟೆಂಟ್‌ಶಿಪ್‌ಗೆ, ಅಂದರೆ ಓದುತ್ತಲೇ ಯೂನಿವರ್ಸಿಟಿಯಲ್ಲಿ ಮಾಡುವ ಸಂಬಳದ ಕೆಲಸಕ್ಕೆ. ಅದು ಫಾಲ್‌ಗೆ ಕೊಟ್ಟಿದ್ದು. ಅಡ್ಮಿಷನ್ ಮುಂದೆ ಹೋದ ಮಾತ್ರಕ್ಕೆ ಅದು ತಾನಾಗಿ ಮುಂದೆ ಹೋಗುವುದಿಲ್ಲ. ಪತ್ರದಲ್ಲಿ ಅದನ್ನು ಕೇಳಿಯೇ ಇರಲಿಲ್ಲವಾದ್ದರಿಂದ ಆ ಜಾಗ ಬೇರೆಯವರಿಗೆ ಹೋಗಿತ್ತು. ಹೊಸ ಐ-20ಯಲ್ಲಿ ನಾವು ತೋರಿಸಬೇಕಾದ ಮೊತ್ತ ಅಷ್ಟರಮಟ್ಟಿಗೆ ಜಾಸ್ತಿಯಾಯಿತು.

ಹಾಗಾದರೆ ಪತ್ರ ಹೇಗಿರಬೇಕು? ಡಿಪಾರ್ಟ್‌ಮೆಂಟ್ ಮತ್ತು ಡಿಎಸ್‌ಓ ಇಬ್ಬರಿಗೂ ಒಂದೇ ಮೇಲ್‌ನಲ್ಲಿ ಹೋಗಲಿ. ವಿದ್ಯಾರ್ಥಿ ನಂಬರ್, ಸೆವಿಸ್ ಐಡಿ, ಈಗಿನ ತಾರೀಖು, ಬೇಕಾದ ಸೆಮಿಸ್ಟರ್ ಮೊದಲ ಸಾಲುಗಳಲ್ಲೇ ಇರಲಿ. ಆಮೇಲೆ ಇದನ್ನು ನೇರವಾಗಿ ಬರೆಯಿರಿ: ನನ್ನ ವೀಸಾ ಅರ್ಜಿ 221(ಜಿ) ಅಡಿಯಲ್ಲಿ ಇನ್ನೂ ಬಾಕಿ ಇದೆ, ಅಡ್ಮಿಷನ್ ಬಿಡುತ್ತಿಲ್ಲ, ಈಗಿರುವ ಸೆವಿಸ್ ದಾಖಲೆಯಲ್ಲೇ ತಾರೀಖು ಬದಲಿಸಿ, ರದ್ದು ಮಾಡಬೇಡಿ. 221(ಜಿ) ಚೀಟಿಯ ಪ್ರತಿ ಲಗತ್ತಿಸಿ. ಡೆಪಾಸಿಟ್, ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್ ಉಳಿಯುತ್ತದಾ ಅಂತ ಒಂದೊಂದಾಗಿ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ. ಇದೆಲ್ಲ ಕೋರ್ಸ್ ಶುರುವಾಗುವ ದಿನಕ್ಕೆ ಮುಂಚೆಯೇ ಹೋದರೆ ಒಳ್ಳೆಯದು. ವಿದ್ಯಾರ್ಥಿ ಬಂದಿಲ್ಲ, ತಾರೀಖೂ ಬದಲಾಗಿಲ್ಲ ಎಂದರೆ ಸ್ವಲ್ಪ ಸಮಯದ ಮೇಲೆ ದಾಖಲೆ ಊರ್ಜಿತವಾಗಿ ಉಳಿಯುವುದಿಲ್ಲ.

ಹೊಸ ಐ-20 ಬಂದ ತಕ್ಷಣ ಮೇಲಿನ N ನಂಬರನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಒಂದೇ ಇದ್ದರೆ ಹೊಸ ಐ-20ಯನ್ನು ಕೇಸ್ ನಂಬರ್ ಹಾಕಿ ಕಾನ್ಸುಲೇಟಿಗೆ ಕಳಿಸಿ. ಬೇರೆ ಇದ್ದರೆ ಫೀ ವರ್ಗಾವಣೆಗೆ ಅವತ್ತೇ ಮನವಿ ಕೊಡಿ, ನಂಬರ್ ಬದಲಾಗಿದೆ ಎಂದು ಕಾನ್ಸುಲೇಟಿಗೆ ನೀವಾಗಿಯೇ ತಿಳಿಸಿ. ಅವರು ಹುಡುಕಿ ಕಂಡುಕೊಳ್ಳಲಿ ಅಂತ ಬಿಡಬೇಡಿ.

ವೀಸಾ ಆಗಲೇ ಕೈಗೆ ಬಂದಮೇಲೆ ಮುಂದೂಡುವವರೂ ಇದ್ದಾರೆ. ಅದೇ ನಂಬರ್ ಉಳಿದರೆ, ವೀಸಾ ಅವಧಿ ಇರುವವರೆಗೆ ಹೊಸ ಐ-20 ಜೊತೆ ಪ್ರಯಾಣ ಮಾಡಬಹುದು. ಆದರೆ ಹೊಸ ತಾರೀಖಿಗೆ 30 ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ. ಹಳೆಯ ಐ-20 ಹಿಡಿದು ವಿಮಾನ ಹತ್ತಬೇಡಿ.

ತಂಗಿಯ ಕಾಗದಗಳೆಲ್ಲ ಈಗ ಕಾನ್ಸುಲೇಟಿನಲ್ಲಿವೆ. ಜನವರಿಗೂ ಆಗದಿದ್ದರೆ ಇನ್ನೊಮ್ಮೆ ಮುಂದೂಡುತ್ತೀರಾ ಎಂದು ಡಿಪಾರ್ಟ್‌ಮೆಂಟಿಗೆ ಈಗಲೇ ಕೇಳಿದ್ದೇವೆ. ಈ ಸಲ ಡಿಎಸ್‌ಓಗೂ ಪ್ರತಿ ಹೋಗಿದೆ.