ವಿಯೆಟ್ನಾಮಿ ಕರಪತ್ರದಲ್ಲಿ ಎಳ್ಳೆಣ್ಣೆಯೇ ಕಾಣೆ: ಮಸಾಜ್ ಕೇಂದ್ರದವರು ಒಮ್ಮೆ ಓದಿ

ವಿಯೆಟ್ನಾಮಿನಿಂದ ಬರುವ ಅತಿಥಿಗಳಿಗೆಂದು ಅಭ್ಯಂಗದ ಕರಪತ್ರ ಅಚ್ಚು ಹಾಕಿಸಲು ಹೊರಟವರು ದಯವಿಟ್ಟು ಎರಡು ದಿನ ತಡೆಯಿರಿ. ಕೊಡಗಿನ ಕಡೆ ಒಂದು ಕೇಂದ್ರದಲ್ಲಿ ಇಂಥದೇ ಕರಪತ್ರದಿಂದಾದ ಫಜೀತಿಯನ್ನು ನಾನು ಎದುರಿಗೇ ನಿಂತು ನೋಡಿದ್ದೇನೆ. ಕೇಂದ್ರದ ಹೆಸರು ಬೇಡ. ಅವರು ಕೆಟ್ಟವರಲ್ಲ, ಅನುವಾದಕ್ಕೆ ದುಡ್ಡನ್ನೂ ಕೊಟ್ಟಿದ್ದರು.

ನಾನು ಹೊ ಚಿ ಮಿನ್ ನಗರದಲ್ಲಿ ಕೆಲಸದಲ್ಲಿದ್ದಾಗ ವಿಯೆಟ್ನಾಮಿ ಕಲಿತವನು. ಈಗ ಮೈಸೂರು, ಬೈಲಕುಪ್ಪೆ ಸುತ್ತ ಅಲ್ಲಿನ ಬೌದ್ಧ ಯಾತ್ರಿಕರ ಗುಂಪುಗಳ ಜೊತೆ ಓಡಾಡುತ್ತೇನೆ. ನಮ್ದ್ರೋಲಿಂಗ್ ಮಠ ನೋಡಿಕೊಂಡು ಬಂದ ಒಂದು ಗುಂಪು ಎಣ್ಣೆ ಮಸಾಜಿಗೆ ಆಸೆಪಟ್ಟಿತು. ಕೇಂದ್ರದವರು ಎಲ್ಲರ ಕೈಗೂ ಬಣ್ಣದ ಕರಪತ್ರ ಕೊಟ್ಟರು. ಅದು ಅವರದೇ ಭಾಷೆಯಲ್ಲಿದ್ದದ್ದರಿಂದ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಆ ಗುಂಪಿನಲ್ಲಿ ಅರವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದರು. ನಾವು ‘ಅತ್ತೆ’ ಅಂದಂತೆ ಅಲ್ಲಿ ‘ಕೋ’ ಅನ್ನುತ್ತಾರೆ, ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ಅವರಿಗೆ ಎಳ್ಳು ಆಗಿಬರುವುದಿಲ್ಲ. ಊಟದ ಮೇಜಿನಲ್ಲಿ ಎಳ್ಳುಪ್ಪಿನ ಬಟ್ಟಲು ಕಂಡರೂ ದೂರ ಸರಿಸುವವರು. ಕರಪತ್ರವನ್ನು ಕನ್ನಡಕ ಹಾಕಿಕೊಂಡು ಸಾವಧಾನವಾಗಿಯೇ ಓದಿದರು. ಅದರಲ್ಲಿ ಇದ್ದದ್ದು ಇಷ್ಟು: ‘ಪವಿತ್ರ ತಿಲ ತೈಲದಲ್ಲಿ ಸಿದ್ಧಪಡಿಸಿದ ರಾವ್ ಮಾ ಎಣ್ಣೆ.’ ‘ತಿಲ’ ಅನ್ನುವುದನ್ನು ಹಾಗೇ ಲ್ಯಾಟಿನ್ ಅಕ್ಷರದಲ್ಲಿ ಇಳಿಸಿ, ಮೊದಲಕ್ಷರ ದೊಡ್ಡದು ಮಾಡಿಬಿಟ್ಟಿದ್ದರು. ವಿಯೆಟ್ನಾಮಿ ಓದುಗರಿಗೆ ಅದು ಯಾವುದೋ ಊರಿನ ಅಥವಾ ಕಂಪನಿಯ ಹೆಸರಿನಂತೆ ಕಾಣುತ್ತದೆ. ರಾವ್ ಮಾ ಅಂದರೆ ನಮ್ಮ ಒಂದೆಲಗ. ಅಲ್ಲಿ ರಸ್ತೆ ಬದಿಯಲ್ಲೂ ಅದರ ಹಸಿರು ರಸ ಹಿಂಡಿ ಐಸ್ ಹಾಕಿ ಮಾರುತ್ತಾರೆ, ಮಕ್ಕಳೂ ಕುಡಿಯುತ್ತಾರೆ. ಕೋ ನಿಶ್ಚಿಂತೆಯಿಂದ ಒಳಗೆ ಹೋದರು.

ಬೆನ್ನಿಗೆ ಎಣ್ಣೆ ಬಿದ್ದು ಸ್ವಲ್ಪ ಹೊತ್ತಿಗೇ ತುರಿಕೆ ಶುರುವಾಯಿತು. ಮಸಾಜ್ ಮಾಡುತ್ತಿದ್ದ ಹುಡುಗಿ ಎಣ್ಣೆ ಬಿಸಿಯಾಯಿತೇನೋ ಅಂದುಕೊಂಡು ತಣಿಸಿ ಮತ್ತೆ ಹಾಕಿದ್ದಾಳೆ. ನನ್ನನ್ನು ಬಾಗಿಲ ಹೊರಗೆ ಕರೆಯುವ ಹೊತ್ತಿಗೆ ಕುತ್ತಿಗೆ, ತೋಳಿನ ಮೇಲೆಲ್ಲ ಕೆಂಪು ದದ್ದು. ಎಣ್ಣೆ ಬರೀ ನೀರಿಗೆ ಬಿಡುವುದಿಲ್ಲವಲ್ಲ, ಬಟ್ಟೆಯಲ್ಲಿ ಒರೆಸಿ, ಸೋಪು ಹಚ್ಚಿ ತೊಳೆಸಿ, ಹತ್ತಿರದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಉಸಿರಿಗೆ ತೊಂದರೆ ಆಗಿರಲಿಲ್ಲ, ಅಲರ್ಜಿ ಮಾತ್ರೆಯಲ್ಲಿ ಇಳಿಯಿತು. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ವಾಂತಿ ಬಂದರೆ ಮಾತ್ರೆ ಹುಡುಕುತ್ತ ಕೂರುವ ಹಾಗಿಲ್ಲ, ನೇರ 108. ನಮ್ಮ ಗಾಣದ ಎಳ್ಳೆಣ್ಣೆಯ ಬಗ್ಗೆ ಒಂದು ಮಾತು: ರಿಫೈನ್ಡ್ ಎಣ್ಣೆಯಲ್ಲಿ ಎಳ್ಳಿನ ಪ್ರೋಟೀನ್ ಬಹುಪಾಲು ಹೋಗಿರುತ್ತದೆ, ಗಾಣದ್ದರಲ್ಲಿ ಉಳಿದಿರುತ್ತದೆ. ಅಲರ್ಜಿ ಎಬ್ಬಿಸುವುದು ಆ ಪ್ರೋಟೀನೇ. ‘ನಮ್ಮದು ಶುದ್ಧ ಎಣ್ಣೆ, ಏನೂ ಆಗಲ್ಲ’ ಎಂಬ ಸಮಾಧಾನ ಇಲ್ಲಿ ತಿರುಗುಬಾಣ.

ಸಂಜೆ ಕೂತು ಕರಪತ್ರವನ್ನು ಪೂರ್ತಿ ಓದಿದೆ. ಕೇಂದ್ರದವರು ಬಾಟಲಿ ತೋರಿಸಿದರು: ಬ್ರಾಹ್ಮಿ ತೈಲ. ನಮ್ಮಲ್ಲೇ ಈ ಹೆಸರಿನ ಗೊಂದಲ ಎಷ್ಟಿದೆ ನೋಡಿ. ಕರ್ನಾಟಕದಲ್ಲಿ ಬಹಳ ಮಂದಿ ಒಂದೆಲಗವನ್ನೇ ಬ್ರಾಹ್ಮಿ ಅನ್ನುತ್ತಾರೆ, ಕೇರಳದವರಿಗೆ ಬ್ರಾಹ್ಮಿ ಅಂದರೆ ನೀರಿನಂಚಿನಲ್ಲಿ ಬೆಳೆಯುವ ಇನ್ನೊಂದು ಗಿಡ, ಬಕೋಪ ಮೊನಿಯೇರಿ. ಬಾಟಲಿ ಕೇರಳದ್ದು, ಲೇಬಲ್ಲಿನಲ್ಲಿದ್ದದ್ದು ಬಕೋಪ. ಅನುವಾದ ಮಾಡಿದವರು ನಿಘಂಟಿನಲ್ಲಿ ಬ್ರಾಹ್ಮಿ ಹುಡುಕಿ ಒಂದೆಲಗಕ್ಕೆ ಹೋಗಿ ನಿಂತಿದ್ದಾರೆ. ಸರಿಯಾದ ಗಿಡ ಹಿಡಿದಿದ್ದರೂ ಪೂರ್ತಿ ಬಚಾವಾಗುತ್ತಿರಲಿಲ್ಲ. ಬಕೋಪಕ್ಕೆ ಅಲ್ಲಿ ‘ರಾವ್ ದಾಂಗ್’, ಅಂದರೆ ಕಹಿಸೊಪ್ಪು, ಅನ್ನುತ್ತಾರೆ. ಅದೇ ಹೆಸರಿನಲ್ಲಿ ಬೇರೆಯದೇ ಸೊಪ್ಪೂ ಅಡುಗೆಗೆ ಬರುತ್ತದೆ. ಇನ್ನು ಎಣ್ಣೆಯ ಬುಡ. ಬ್ರಾಹ್ಮಿ ತೈಲವನ್ನು ಕೆಲವರು ಎಳ್ಳೆಣ್ಣೆಯಲ್ಲಿ ಕಾಯಿಸುತ್ತಾರೆ, ಕೆಲವರು ಕೊಬ್ಬರಿ ಎಣ್ಣೆಯಲ್ಲಿ. ಬಾಟಲಿ ತಿರುಗಿಸಿ ಓದದೆ ಗೊತ್ತಾಗುವುದಿಲ್ಲ.

ಕೆಳಗಡೆ ಅಶ್ವಗಂಧಕ್ಕೆ ‘ಭಾರತದ ಜಿನ್ಸೆಂಗ್’ ಅಂತ ಇತ್ತು. ಅದು ಬದನೆಕಾಯಿಯ ಕುಲದ ಗಿಡ, ಜಿನ್ಸೆಂಗಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಆದರೆ ಜಿನ್ಸೆಂಗ್ ಅಂದಕೂಡಲೇ ಅಲ್ಲಿಯವರ ಕಣ್ಣ ಮುಂದೆ ಬರುವುದು ದುಬಾರಿ ಬೇರು. ‘ಈ ಬೆಲೆಗೆ ಜಿನ್ಸೆಂಗ್ ಹೇಗೆ ಕೊಡುತ್ತಾರೆ, ಕಲಬೆರಕೆಯಾ?’ ಎಂದು ಒಬ್ಬರು ನನ್ನನ್ನೇ ಕೇಳಿದರು.

ಇದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ ಸಾಲು. ‘ರಕ್ತದೊತ್ತಡ ಸ್ಥಿರಗೊಳಿಸುತ್ತದೆ, ಕೀಲುವಾತ ಗುಣಪಡಿಸುತ್ತದೆ’ ಅಂತ ಅಚ್ಚಾಗಿತ್ತು. ಅದನ್ನು ಓದಿದ ಹಿರಿಯರೊಬ್ಬರು, ‘ಹಾಗಾದರೆ ಇವತ್ತು ರಾತ್ರಿಯ ಬಿಪಿ ಮಾತ್ರೆ ಬಿಡಬಹುದಾ?’ ಎಂದು ಬಹಳ ಮುಗ್ಧವಾಗಿ ಕೇಳಿದರು. ಆ ಕೇಂದ್ರದಲ್ಲಿ ವೈದ್ಯರೇ ಇಲ್ಲ. ಮಸಾಜಿನ ನಂತರ ಹಬೆಪೆಟ್ಟಿಗೆಯಲ್ಲಿ ಕೂರಿಸುವುದೂ ಇದೆ. ಶಾಖಕ್ಕೆ ರಕ್ತನಾಳ ಹಿಗ್ಗಿ ಒತ್ತಡ ಇಳಿಯುತ್ತದೆ, ಬಿಪಿ ಮಾತ್ರೆ ತೆಗೆದುಕೊಂಡವರು ತಟ್ಟನೆ ಎದ್ದರೆ ತಲೆ ಸುತ್ತಿ ಎಣ್ಣೆ ಕಾಲಲ್ಲಿ ಟೈಲ್ಸ್ ಮೇಲೆ ಬೀಳಬಹುದು. ಕರಪತ್ರದಲ್ಲಿ ಬೇಕಾಗಿದ್ದದ್ದು ಆ ಎಚ್ಚರಿಕೆ. ಕಾನೂನಿನ ಕಡೆಯಿಂದಲೂ ಇದು ಸಣ್ಣ ವಿಷಯವಲ್ಲ. ಔಷಧಗಳ ಆಕ್ಷೇಪಾರ್ಹ ಜಾಹೀರಾತಿನ ಬಗ್ಗೆ 1954ರ ಕಾಯ್ದೆಯೊಂದಿದೆ. ಅದರ ಪಟ್ಟಿಯಲ್ಲಿ ರಕ್ತದೊತ್ತಡ, ಮಧುಮೇಹ, ಸಂಧಿವಾತ, ಪಾರ್ಶ್ವವಾಯು, ಬೊಜ್ಜು ಎಲ್ಲ ಇವೆ. ಕರಪತ್ರವೂ ಅದರ ಲೆಕ್ಕದಲ್ಲಿ ಜಾಹೀರಾತೇ. ವಿಯೆಟ್ನಾಮಿಯಲ್ಲಿ ಬರೆದರೆ ಇಲ್ಲಿ ಯಾರು ಓದುತ್ತಾರೆ ಎಂಬ ಲೆಕ್ಕಾಚಾರ ಬೇಡ.

ಅಚ್ಚಿನ ಅವಾಂತರ ಒಂದನ್ನು ಹೇಳದಿದ್ದರೆ ಆಗದು. ಮುದ್ರಣದವರ ಫಾಂಟಿನಲ್ಲಿ ವಿಯೆಟ್ನಾಮಿ ಗುರುತುಗಳಿರಲಿಲ್ಲ, ಕೆಲವೆಡೆ ಚೌಕ ಡಬ್ಬಿ, ಉಳಿದೆಡೆ ಬೋಳು ಅಕ್ಷರ. ಎಣ್ಣೆ, ತಲೆ, ನೋವು, ಈ ಮೂರಕ್ಕೂ ಅಲ್ಲಿ ಅದೇ ಮೂರು ಅಕ್ಷರ. ಮೇಲಿನ ಟೋಪಿ, ಗೀಟು, ಅಡ್ಡಗೆರೆಗಳಲ್ಲಷ್ಟೇ ವ್ಯತ್ಯಾಸ. ತಲೆಬರಹದಲ್ಲಿ ಗುರುತೆಲ್ಲ ಉದುರಿ ‘ಎಣ್ಣೆ ಮಸಾಜ್’ ಅನ್ನುವುದನ್ನು ‘ನೋವಿನ ಮಸಾಜ್’ ಎಂದೂ ಓದಬಹುದಿತ್ತು. ಗುಂಪಿನ ಹುಡುಗರು ಅದರ ಫೋಟೊ ತೆಗೆದುಕೊಂಡು ಬಿದ್ದು ಬಿದ್ದು ನಕ್ಕರು. ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸಿ ಕೊಟ್ಟು, ಅಚ್ಚಾದ ಮೊದಲ ಹಾಳೆಯನ್ನು ಆ ಭಾಷೆ ಬಲ್ಲವರಿಗೆ ತೋರಿಸಿದರೆ ಇದು ತಪ್ಪುತ್ತದೆ.

ಆಮೇಲೆ ಕೇಂದ್ರದವರ ಜೊತೆ ಕೂತು ಹೊಸದಾಗಿ ಬರೆದೆವು. ಮೊದಲ ಸಾಲೇ ಎಣ್ಣೆ: ‘ಇದರಲ್ಲಿ ಎಳ್ಳೆಣ್ಣೆ ಇದೆ.’ ಎಳ್ಳಿಗೆ ದಕ್ಷಿಣ ವಿಯೆಟ್ನಾಮಿನವರು ‘ಮೆ’ ಅನ್ನುತ್ತಾರೆ, ಹನೋಯ್ ಕಡೆಯವರು ‘ವುಂಗ್’, ಹಾಗಾಗಿ ಎರಡನ್ನೂ ಹಾಕಿದೆವು, ಪಕ್ಕದಲ್ಲಿ ಎಳ್ಳಿನ ಚಿತ್ರ. ಗಿಡಗಳಿಗೆ ವೈಜ್ಞಾನಿಕ ಹೆಸರು ಮಾತ್ರ, ‘ಭಾರತದ ಇಂಥದ್ದು’ ಎಂಬ ಹೋಲಿಕೆ ಒಂದೂ ಇಲ್ಲ. ಖಚಿತವಿಲ್ಲದ ಗಿಡವನ್ನು ಬಿಟ್ಟು, ‘ಪೂರ್ತಿ ಪಟ್ಟಿಗೆ ಬಾಟಲಿ ಕೇಳಿ’ ಎಂದು ಬರೆದೆವು. ಆಮೇಲೆ ನಡೆಯುವುದರ ವಿವರ: ಬೆಚ್ಚಗಿನ ಎಣ್ಣೆ, ತಲೆಗೂದಲಿಗೂ ಹಾಕುತ್ತಾರೆ, ಬೇಡವೆಂದರೆ ಹೇಳಿ, ಒಂದು ಬಾರಿ ಬಳಸಿ ಎಸೆಯುವ ಒಳಬಟ್ಟೆ ಕೊಡುತ್ತಾರೆ, ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡುತ್ತಾರೆ, ಹಬೆ ನಿಮ್ಮ ಇಷ್ಟ. ಪುದೀನ ಸತ್ವದ ಆ ಹಸಿರು ಬಾಟಲಿಯ ‘ಗಾಳಿ ಎಣ್ಣೆ’ ಅಲ್ಲಿ ಮನೆಮನೆಯಲ್ಲಿರುತ್ತದೆ, ಆದ್ದರಿಂದ ‘ಇದು ಚುರುಗುಟ್ಟುವ ಎಣ್ಣೆಯಲ್ಲ’ ಅನ್ನುವ ಸಾಲನ್ನೂ ಸೇರಿಸಿದೆವು.

‘ಚಿಕಿತ್ಸೆ’, ‘ಗುಣ’ ಪದಗಳನ್ನು ತೆಗೆದು ‘ಮೈ ಸಡಿಲಿಸಿ ವಿಶ್ರಾಂತಿ’ ಎಂದಷ್ಟೇ ಉಳಿಸಿದೆವು. ಕೊನೆಗೆ ದಪ್ಪಕ್ಷರದಲ್ಲಿ: ‘ಇದು ರೋಗಕ್ಕೆ ಮದ್ದಲ್ಲ. ನಿಮ್ಮ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ. ಜ್ವರ, ಗಾಯ, ಗರ್ಭ, ಬಿಪಿ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ.’

ಮುಂಗೈಗೆ ಎಣ್ಣೆ ಹಚ್ಚಿ ಕಾಯುವ ಪರೀಕ್ಷೆಯನ್ನು ಕರಪತ್ರದಲ್ಲಿ ಹಾಕೋಣ ಎಂದು ಮಾಲೀಕರು ಕೇಳಿದರು, ನಾನು ಬೇಡವೆಂದೆ. ಅಲರ್ಜಿ ಇದೆಯೆಂದು ಮೊದಲೇ ಗೊತ್ತಿರುವವರ ಮೇಲೆ ಅದನ್ನು ಪ್ರಯೋಗ ಮಾಡುವಂತಿಲ್ಲ. ಗೊತ್ತಿಲ್ಲದವರಲ್ಲಿ ಕೆಲವು ದದ್ದುಗಳು ಏಳುವುದೇ ಒಂದೆರಡು ದಿನ ಕಳೆದ ಮೇಲೆ, ಅಷ್ಟರಲ್ಲಿ ಅವರ ಬಸ್ಸು ಊಟಿ ದಾಟಿರುತ್ತದೆ. ಅದರ ಬದಲು ಎಳ್ಳು ಆಗದವರಿಗೆಂದು ಬರೀ ಕೊಬ್ಬರಿ ಎಣ್ಣೆಯ ಬೇರೆ ಬಾಟಲಿ, ಬೇರೆ ಬಟ್ಟಲು, ತೊಳೆದ ಹಾಸು ಇಡುವುದೆಂದು ತೀರ್ಮಾನವಾಯಿತು. ಮರದ ದ್ರೋಣಿಗೆ ಹಳೆಯ ಎಳ್ಳೆಣ್ಣೆ ಹೀರಿಕೊಂಡಿರುತ್ತದೆ. ಅಂಥವರನ್ನು ಅದರ ಮೇಲೆ ಮಲಗಿಸಬೇಡಿ.