ಪೈ ಚಾರ್ಟೋ, ಡೋನಟ್ ಚಾರ್ಟೋ: ಅಡಿಕೆ ತೋಟದ ಖರ್ಚಿನ ಲೆಕ್ಕದಲ್ಲಿ ಮಾಡಿ ನೋಡಿದ ಹೋಲಿಕೆ

ತೀರ್ಥಹಳ್ಳಿ ಕಡೆಯ ನಮ್ಮ ಬೆಳೆಗಾರರ ಗುಂಪಿನಲ್ಲಿ ವರ್ಷದ ಖರ್ಚನ್ನು ಒಂದೇ ಪುಟದ ಚಿತ್ರವಾಗಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಪುಟವನ್ನು ಸಭೆಯ ದಿನ ಗೋಡೆಯ ಮೇಲೆ ಪ್ರೊಜೆಕ್ಟರ್‌ನಲ್ಲಿ ತೋರಿಸುತ್ತೇವೆ. ಅದನ್ನೇ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ ಸದಸ್ಯರ ಕೈಗೂ ಕೊಡುತ್ತೇವೆ. ಒಂದೇ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಪೈ ಚಾರ್ಟ್ ಆಗಿಯೂ ಡೋನಟ್ ಚಾರ್ಟ್ ಆಗಿಯೂ ಮಾಡಿ, ಹೋಳನ್ನು ಹೊರಗೆಳೆದು, ಸಣ್ಣ ಹೋಳುಗಳನ್ನು ಒಟ್ಟುಗೂಡಿಸಿ ನೋಡಿದ ಮೇಲೆ ಯಾವುದು ಎಲ್ಲಿ ನಿಲ್ಲುತ್ತದೆ ಎಂಬ ಬಗ್ಗೆ ನನಗೊಂದು ಖಚಿತ ಅಭಿಪ್ರಾಯ ಮೂಡಿದೆ. ಹೋಲಿಕೆಗೆ ಅನುಕೂಲವಾಗಲೆಂದು ಒಂದು ತೋಟದ ಲೆಕ್ಕವನ್ನು ದುಂಡು ಸಂಖ್ಯೆಗೆ ಇಳಿಸಿ ಇಲ್ಲಿ ಕೊಟ್ಟಿದ್ದೇನೆ. ಒಟ್ಟು ಖರ್ಚು 2,00,000 ರೂಪಾಯಿ.

| ಬಾಬು | ರೂಪಾಯಿ | ಪಾಲು |
|---|---|---|
| ಕಳೆ, ಅಗತೆ ಮುಂತಾದ ಕೂಲಿ | 62,000 | 31% |
| ಕೊಯ್ಲು ಮತ್ತು ಸುಲಿಯುವ ಕೂಲಿ | 54,000 | 27% |
| ಗೊಬ್ಬರ | 38,000 | 19% |
| ಬೋರ್ಡೋ ದ್ರಾವಣ ಹೊಡೆಸಿದ್ದು | 24,000 | 12% |
| ಸಾಗಾಟ | 7,000 | 3.5% |
| ಕರೆಂಟು, ಪಂಪ್ ದುರಸ್ತಿ | 5,000 | 2.5% |
| ಬೇಲಿ | 3,000 | 1.5% |
| ಚೀಲ, ಹಗ್ಗ | 3,000 | 1.5% |
| ಬೇಯಿಸಲು ಸೌದೆ | 2,000 | 1% |
| ಹೊಸ ಸಸಿ | 2,000 | 1% |

ಈ ಹತ್ತು ಬಾಬುಗಳನ್ನು ಹಾಗೆಯೇ ಆಯ್ದು ಚಾರ್ಟ್ ಹಾಕಿದರೆ ಪೈ ಆಗಲಿ ಡೋನಟ್ ಆಗಲಿ ಒಂದೇ ಜಾಗದಲ್ಲಿ ಕೆಡುತ್ತದೆ. ಮೇಲ್ಗಡೆ ಎಡಭಾಗದಲ್ಲಿ ಆರು ಸಣ್ಣ ಹೋಳುಗಳು ಒತ್ತೊತ್ತಾಗಿ ನಿಂತು, ಅವುಗಳ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಆಕಾರದ ಆಯ್ಕೆಗಿಂತ ಮೊದಲು ‘ಇತರೆ’ಯ ಪ್ರಶ್ನೆಯನ್ನು ಬಗೆಹರಿಸಬೇಕು. ಇದಕ್ಕೆ ಎರಡು ದಾರಿಗಳಿವೆ: ಎಕ್ಸೆಲ್ ತಾನೇ ಗುಂಪು ಮಾಡುವ `Pie of Pie` ಚಾರ್ಟ್, ಇಲ್ಲವೇ ಹಾಳೆಯಲ್ಲಿಯೇ ಸೂತ್ರ ಬರೆದು ನಾವು ಗುಂಪು ಮಾಡುವುದು.

`Pie of Pie` ಚಾರ್ಟ್‌ನಲ್ಲಿ `Split Series By` ಎಂಬಲ್ಲಿ `Percentage value` ಆರಿಸಿ 5% ಎಂದು ಕೊಟ್ಟರೆ, ಅದಕ್ಕಿಂತ ಕಡಿಮೆ ಪಾಲಿನ ಆರು ಬಾಬುಗಳು ಪಕ್ಕದ ಎರಡನೆಯ ವೃತ್ತಕ್ಕೆ ಹೋಗುತ್ತವೆ ಮತ್ತು ಮುಖ್ಯ ವೃತ್ತದಲ್ಲಿ ಅವೆಲ್ಲ ಸೇರಿದ ಒಂದು ಹೋಳು ಉಳಿಯುತ್ತದೆ. ಕೆಲಸ ಒಂದು ನಿಮಿಷದ್ದು. ಆದರೆ ಕಿರಿಕಿರಿಗಳು ಅಲ್ಲಿಂದಲೇ ಶುರುವಾಗುತ್ತವೆ. ಆ ಹೋಳಿಗೆ ಎಕ್ಸೆಲ್ ತಾನೇ `Other` ಎಂದು ಹೆಸರಿಡುತ್ತದೆ, ಮತ್ತು ಆ ಹೆಸರು ಹಾಳೆಯ ಯಾವ ಕೋಶದಲ್ಲಿಯೂ ಇರುವುದಿಲ್ಲ. ಲೇಬಲ್ ಮೇಲೆ ಕ್ಲಿಕ್ ಮಾಡಿ ‘ಇತರೆ 11%’ ಎಂದು ಕನ್ನಡದಲ್ಲಿ ಬರೆಯಬಹುದಾದರೂ, ಹಾಗೆ ಕೈಯಲ್ಲಿ ಬರೆದದ್ದು ಅಲ್ಲಿಯೇ ನಿಂತುಬಿಡುತ್ತದೆ. ಮುಂದೆ ಲೆಕ್ಕದ ಅಂಕಿ ಬದಲಾದರೂ ಲೇಬಲ್ ಬದಲಾಗುವುದಿಲ್ಲ. ಇನ್ನೊಂದು ತೊಂದರೆ ಕಣ್ಣಿಗೆ ಸಂಬಂಧಿಸಿದ್ದು. ಒಟ್ಟು ಖರ್ಚಿನ 3.5% ಆಗಿರುವ ಸಾಗಾಟ ಎರಡನೆಯ ವೃತ್ತದ ಸುಮಾರು ಮೂರನೆಯ ಒಂದು ಭಾಗವನ್ನು ಆಕ್ರಮಿಸುವುದರಿಂದ, ಅದು ಮುಖ್ಯ ವೃತ್ತದಲ್ಲಿ 31% ಇರುವ ಕೂಲಿಯ ಹೋಳಿನಷ್ಟೇ ಅಗಲವಾಗಿ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ವೃತ್ತದ ಬದಲು ಕಂಬವನ್ನು ಇಡುವ `Bar of Pie` ಈ ವಿಷಯದಲ್ಲಿ ಸ್ವಲ್ಪ ವಾಸಿ, ಏಕೆಂದರೆ ಆಕಾರವೇ ಬೇರೆಯಾದಾಗ ನೋಡುವವರು ಎರಡನ್ನೂ ಒಂದೇ ಅಳತೆಯೆಂದು ಭಾವಿಸುವ ಸಂಭವ ಕಡಿಮೆ.

ಸೂತ್ರದ ದಾರಿ ಸ್ವಲ್ಪ ಉದ್ದವಾದರೂ ನನಗೆ ಅದೇ ಹಿಡಿಸಿತು. ಬಾಬು A ಸಾಲಿನಲ್ಲಿ, ರೂಪಾಯಿ B ಸಾಲಿನಲ್ಲಿ, ಪಾಲು C ಸಾಲಿನಲ್ಲಿ ಇದ್ದರೆ, ಕೆಳಗಿನ ಮೂರು ಸೂತ್ರಗಳು ಸಾಕು. ಮೊದಲನೆಯದು ಪಾಲಿಗೆ, ಎರಡನೆಯದು ‘ಇತರೆ’ಯ ಮೊತ್ತಕ್ಕೆ, ಮೂರನೆಯದು ಅದರ ಹೆಸರಿಗೆ.

```
=B2/SUM($B$2:$B$11)
=SUMIF(C2:C11,"<0.05",B2:B11)
="ಇತರೆ: "&COUNTIF(C2:C11,"<0.05")&" ಬಾಬು"
```

ನಾಲ್ಕು ದೊಡ್ಡ ಬಾಬುಗಳನ್ನೂ ಈ ‘ಇತರೆ’ಯನ್ನೂ ಬೇರೊಂದು ಸಣ್ಣ ಪಟ್ಟಿಯಾಗಿ ಇಟ್ಟು, ಚಾರ್ಟ್ ಅನ್ನು ಆ ಪಟ್ಟಿಯಿಂದ ಎಳೆಯಬೇಕು. ಆಗ ಲೇಬಲ್‌ನಲ್ಲಿ ‘ಇತರೆ: 6 ಬಾಬು, 11%’ ಎಂದು ಬರುತ್ತದೆ. ಬಾಬುಗಳ ಸಂಖ್ಯೆಯನ್ನು ಹೆಸರಿನಲ್ಲಿಯೇ ಸೇರಿಸಿದ್ದಕ್ಕೆ ಕಾರಣವಿದೆ: ಸಭೆಯಲ್ಲಿ ಯಾರಾದರೊಬ್ಬ ಹಿರಿಯರು “ಈ ಇತರೆ ಅಂದ್ರೆ ಎಂತದು ಮಾರಾಯ್ರೆ, ಎಲ್ಲಿಗೆ ಹೋಯ್ತು ಇಷ್ಟು ದುಡ್ಡು?” ಎಂದು ಕೇಳಿಯೇ ಕೇಳುತ್ತಾರೆ. ಹಣದ ವಿಷಯದಲ್ಲಿ ಆ ಅನುಮಾನ ನ್ಯಾಯವಾದದ್ದೇ. ಚಾರ್ಟ್‌ನ ಕೆಳಗೆ ಆ ಆರು ಬಾಬುಗಳನ್ನು ಸಣ್ಣ ಅಕ್ಷರದಲ್ಲಿ ರೂಪಾಯಿ ಸಮೇತ ಬರೆದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಗಡಿಯನ್ನು 5% ಎಂದೇ ಏಕೆ ಇಡಬೇಕು ಎಂಬುದನ್ನು ಈ ಲೆಕ್ಕದಲ್ಲಿಯೇ ಪರೀಕ್ಷಿಸಬಹುದು. ಗಡಿಯನ್ನು 3%ಗೆ ಇಳಿಸಿದರೆ ಸಾಗಾಟ 3.5% ಆಗಿ ಹೊರಗೆ ಉಳಿಯುತ್ತದೆ, ಉಳಿದ ಐದು ಬಾಬುಗಳು ಸೇರಿ ‘ಇತರೆ’ 7.5% ಆಗುತ್ತದೆ. ಅಂದರೆ ಹೆಸರಿಲ್ಲದ ಹೋಳು ಹೆಸರಿರುವ ಹೋಳಿನ ಎರಡು ಪಟ್ಟಿಗಿಂತ ದೊಡ್ಡದಾಗುತ್ತದೆ. 5% ಇಟ್ಟಾಗ ‘ಇತರೆ’ 11%, ಹೆಸರಿರುವವುಗಳಲ್ಲಿ ಅತಿ ಸಣ್ಣದಾದ ಬೋರ್ಡೋ 12%. ‘ಇತರೆ’ ಎಂಬುದು ಹೆಸರಿರುವ ಯಾವ ಹೋಳಿಗಿಂತಲೂ ದೊಡ್ಡದಾಗಬಾರದು ಎಂಬುದು ನಾನು ಇಟ್ಟುಕೊಂಡ ನಿಯಮ. ಶೇಕಡಾ ಎಷ್ಟು ಎಂಬುದನ್ನು ಆಯಾ ಲೆಕ್ಕವೇ ಹೇಳುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಸಹಾಯಧನವಾಗಿ ಮರಳಿ ಬಂದ ಹಣವನ್ನು ಯಾರಾದರೂ ಖರ್ಚಿನ ಪಟ್ಟಿಯಲ್ಲಿ -4,000 ಎಂದು ಬರೆದಿದ್ದರೆ, ಅದು 5%ಗಿಂತ ಕಡಿಮೆಯೇ ಆದ್ದರಿಂದ ಸೂತ್ರ ಅದನ್ನು ‘ಇತರೆ’ಯೊಳಗೆ ಸೇರಿಸಿ ಮೊತ್ತವನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತದೆ, ಗುಂಪು ಮಾಡದೆ ನೇರವಾಗಿ ಪೈ ಹಾಕಿದರೆ ಎಕ್ಸೆಲ್ ಋಣ ಚಿಹ್ನೆಯನ್ನು ಬಿಟ್ಟು ಅದನ್ನು 4,000ದ ಹೋಳಾಗಿಯೇ ಬಿಡಿಸುತ್ತದೆ. ಚಾರ್ಟ್‌ನ ಶೇಕಡಾವಾರು C ಸಾಲಿನ ಪಾಲಿಗೆ ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದದ್ದು ಇಂತಹ ಋಣ ಸಂಖ್ಯೆಯನ್ನು.

ಈಗ ಐದು ಹೋಳುಗಳ ಅದೇ ಪಟ್ಟಿಯನ್ನು ಪೈ ಮತ್ತು ಡೋನಟ್ ಆಗಿ ಅಕ್ಕಪಕ್ಕ ಇಟ್ಟು ನೋಡೋಣ. ಡೋನಟ್‌ನಲ್ಲಿ ನಡುವಿನ ಕೋನ ಕಾಣುವುದಿಲ್ಲ, ಆದ್ದರಿಂದ ಅದನ್ನು ಓದುವುದು ಕಷ್ಟ ಎಂಬ ಮಾತನ್ನು ನಾನೂ ನಂಬಿದ್ದೆ. ಆದರೆ ಸಂಶೋಧಕರಾದ ಡ್ರೂ ಸ್ಕಾವ್ ಮತ್ತು ರಾಬರ್ಟ್ ಕೊಸಾರ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಡೋನಟ್ ಅನ್ನು ಪೈಯಷ್ಟೇ ಸರಿಯಾಗಿ ಓದಿದರು. ಕೋನಕ್ಕಿಂತ ಕಮಾನಿನ ಉದ್ದ ಮತ್ತು ವಿಸ್ತೀರ್ಣ ಹೆಚ್ಚು ನೆರವಾಗುವಂತೆ ಕಂಡಿತು. ಹಾಗಾಗಿ ಇವೆರಡರ ನಡುವಿನ ನಿಜವಾದ ವ್ಯತ್ಯಾಸ ಓದುವುದರಲ್ಲಿ ಇಲ್ಲ, ಹೆಸರು ಎಲ್ಲಿ ಬರೆಯುತ್ತೇವೆ ಎಂಬುದರಲ್ಲಿದೆ. ಪೈಯಲ್ಲಿ ಲೇಬಲ್‌ಗೆ `Outside End` ಎಂಬ ಆಯ್ಕೆಯಿದ್ದು, ‘ಕೊಯ್ಲು ಮತ್ತು ಸುಲಿಯುವ ಕೂಲಿ’ಯಂತಹ ಉದ್ದದ ಹೆಸರು ವೃತ್ತದ ಹೊರಗೆ ಆರಾಮವಾಗಿ ಕೂರುತ್ತದೆ. ಎಕ್ಸೆಲ್‌ನ ಡೋನಟ್‌ಗೆ ಆ ಆಯ್ಕೆಯೇ ಇಲ್ಲ. ಲೇಬಲ್ ಉಂಗುರದ ಮೇಲೆಯೇ ಬರುತ್ತದೆ, ಹೊರಗೆ ಬೇಕಾದರೆ ಒಂದೊಂದನ್ನೇ ಎಳೆದು ಇಡಬೇಕು. ಈಗಿನ ಎಕ್ಸೆಲ್‌ನಲ್ಲಿ `Doughnut Hole Size` ತಾನಾಗಿ 75% ಇರುತ್ತದೆ, ಆಗ ವೃತ್ತದ ವಿಸ್ತೀರ್ಣದಲ್ಲಿ ಸುಮಾರು 44 ಭಾಗ ಮಾತ್ರ ಉಂಗುರವಾಗಿ ಉಳಿಯುತ್ತದೆ. ಅದನ್ನು 55%ಗೆ ಇಳಿಸಿದರೆ ಸುಮಾರು 70 ಭಾಗ ಸಿಕ್ಕಿ, ಹೆಸರಲ್ಲದಿದ್ದರೂ ಶೇಕಡಾ ಅಂಕಿಯಾದರೂ ಉಂಗುರದೊಳಗೆ ಹಿಡಿಸುತ್ತದೆ.

ಹೆಸರುಗಳು ಹೊರಗಿಲ್ಲದಿದ್ದರೆ ಬಣ್ಣದ ಸೂಚಿಯನ್ನು ನಂಬಬೇಕಾಗುತ್ತದೆ, ಮತ್ತು ನಮ್ಮ ಕೈಹಾಳೆ ಸೋತದ್ದು ಅಲ್ಲಿಯೇ. ಜೆರಾಕ್ಸ್‌ನಲ್ಲಿ ಹಸಿರು, ಕಿತ್ತಳೆ ಎರಡೂ ಒಂದೇ ಬೂದು ಬಣ್ಣವಾದಾಗ ಡೋನಟ್‌ನ ಸೂಚಿಗೆ ಅರ್ಥವೇ ಉಳಿಯಲಿಲ್ಲ. ಪೈ ಮಾತ್ರ ತನ್ನ ಹೊರಗಿನ ಹೆಸರುಗಳ ಬಲದಿಂದ ಪೂರ್ತಿ ಓದುವಂತಿತ್ತು. ಗೋಡೆಯ ಮೇಲೆ ಇದು ತಿರುಗುಮುರುಗು. ಡೋನಟ್‌ನ ನಡುವಿನ ಖಾಲಿ ಜಾಗದಲ್ಲಿ ಒಟ್ಟು ಮೊತ್ತವನ್ನು ದೊಡ್ಡದಾಗಿ ಬರೆದಾಗ, ಹಿಂದಿನ ಸಾಲಿನವರಿಗೂ ‘ಎಷ್ಟರಲ್ಲಿ ಎಷ್ಟು’ ಎಂಬುದು ತಕ್ಷಣ ತಿಳಿಯುತ್ತದೆ. ಚಾರ್ಟ್ ಅನ್ನು ಆಯ್ದುಕೊಂಡು ಒಳಗೊಂದು ಟೆಕ್ಸ್ಟ್ ಬಾಕ್ಸ್ ಹಾಕಿ, ಸೂತ್ರದ ಪಟ್ಟಿಯಲ್ಲಿ `=Sheet1!$B$12` ಎಂದು ಮೊತ್ತದ ಕೋಶಕ್ಕೆ ಜೋಡಿಸಿದರೆ ಆ ಅಂಕಿ ತಾನೇ ಬದಲಾಗುತ್ತಿರುತ್ತದೆ. ಎರಡು ವರ್ಷಗಳನ್ನು ಒಂದರೊಳಗೊಂದು ಉಂಗುರವಾಗಿ ಇಡುವ ಆಸೆ ಮಾತ್ರ ಬೇಡ: ಪಾಲು ಎರಡೂ ವರ್ಷ 12% ಇದ್ದರೂ ಹೊರಗಿನ ಉಂಗುರದ ಕಮಾನು ಉದ್ದವಾಗಿರುವುದರಿಂದ ಖರ್ಚು ಏರಿದಂತೆ ಕಾಣುತ್ತದೆ.

ಇನ್ನು ಹೋಳನ್ನು ಹೊರಗೆಳೆಯುವ ವಿಚಾರ. ಕೊಳೆರೋಗಕ್ಕೆ ಔಷಧಿ ಹೊಡೆಸುವುದನ್ನು ಎಲ್ಲರೂ ಸೇರಿ ಒಟ್ಟಿಗೆ ಮಾಡೋಣವೇ ಎಂಬುದು ಸಭೆಯ ಮುಖ್ಯ ಚರ್ಚೆಯಾದ್ದರಿಂದ ಬೋರ್ಡೋ ಹೋಳನ್ನು ಎತ್ತಿ ತೋರಿಸಬೇಕಿತ್ತು. ಮೊದಲ ಕ್ಲಿಕ್‌ಗೆ ಎಲ್ಲ ಹೋಳುಗಳೂ ಆಯ್ಕೆಯಾಗುತ್ತವೆ, ಸ್ವಲ್ಪ ತಡೆದು ಎರಡನೆಯ ಸಲ ಒತ್ತಿದಾಗ ಅದೊಂದೇ ಆಯ್ಕೆಯಾಗುತ್ತದೆ. ಈ ಎರಡನೆಯ ಕ್ಲಿಕ್ ಇಲ್ಲದೆ ಎಳೆದರೆ ಹೋಳುಗಳೆಲ್ಲ ಚದುರಿ, ಯಾವುದೂ ಎದ್ದು ಕಾಣದ ಚಿತ್ರ ಸಿಗುತ್ತದೆ. `Point Explosion` ಅಂಕಿ ಏರಿದಷ್ಟೂ ಹೊರಬಂದ ಹೋಳಿಗೆ ಜಾಗ ಮಾಡಿಕೊಡಲು ಇಡೀ ವೃತ್ತವೇ ಕುಗ್ಗುತ್ತದೆ. 25% ಎಳೆದಾಗ ತ್ರಿಜ್ಯ ಸುಮಾರು ಐದರಲ್ಲಿ ನಾಲ್ಕು ಭಾಗಕ್ಕೆ ಇಳಿಯುತ್ತದೆ. ಚಿತ್ರ ಸಣ್ಣದಾಗಿ, ಲೇಬಲ್‌ಗಳು ಮಾತ್ರ ಹಿಂದಿನಷ್ಟೇ ದೊಡ್ಡದಾಗಿ ಉಳಿಯುತ್ತವೆ. 8%ರಿಂದ 10% ನನಗೆ ಸಾಕೆನಿಸಿತು. ಡೋನಟ್‌ನಲ್ಲಿ ಇದೇ ಕೆಲಸ ಮಾಡಿದರೆ ಉಂಗುರ ಮುರಿದುಬಿದ್ದಂತೆ ಕಾಣುತ್ತದೆ, ನಡುವಿನ ಮೊತ್ತದ ಸುತ್ತಲಿನ ಆವರಣವೂ ತೆರೆದುಕೊಳ್ಳುತ್ತದೆ.

ಅದೇ ಇಬ್ಬರು ಸಂಶೋಧಕರ ಮತ್ತೊಂದು ಪ್ರಯೋಗದಲ್ಲಿ ಹೋಳು ಹೊರಗೆಳೆದ ಪೈಯನ್ನು ಓದುವಾಗ ಸಾಮಾನ್ಯ ಪೈಗಿಂತ ಹೆಚ್ಚು ತಪ್ಪಾಗಿತ್ತು. ಕೋನ ಬದಲಾಗದಿದ್ದರೂ ಹೀಗಾಗುತ್ತದೆ ಎಂಬುದು ಗಮನಿಸಬೇಕಾದ ಮಾತು, ವಿಶೇಷವಾಗಿ ನಮ್ಮ ಲೆಕ್ಕದಲ್ಲಿ 12%ರ ಬೋರ್ಡೋ ಪಕ್ಕದಲ್ಲಿಯೇ 11%ರ ‘ಇತರೆ’ ನಿಂತಿರುವಾಗ. ಆದ್ದರಿಂದ ಗೋಡೆಯ ಚಿತ್ರಕ್ಕೆ ನಾನು ಹೋಳನ್ನು ಎಳೆಯುವುದಿಲ್ಲ. ಉಳಿದ ನಾಲ್ಕನ್ನೂ ಬೂದಿಯ ಛಾಯೆಗಳಲ್ಲಿ ಇಟ್ಟು ಬೋರ್ಡೋ ಒಂದಕ್ಕೆ ಮೈಲುತುತ್ತಿನ ನೀಲಿ ಬಣ್ಣ ಕೊಡುತ್ತೇನೆ. ಜೆರಾಕ್ಸ್ ಹಾಳೆಯಲ್ಲಿ ಆ ನೀಲಿ ಉಳಿಯುವುದಿಲ್ಲವಾದ್ದರಿಂದ ಅಲ್ಲಿ ಪೈಯೇ ಇರುತ್ತದೆ, ಬೋರ್ಡೋ ಹೋಳು 10% ಹೊರಗೆ, ಹೆಸರು ಮತ್ತು ಶೇಕಡಾ ಅದರ ಪಕ್ಕದಲ್ಲಿ. ಕೂಲಿಯ 31%ಕ್ಕೂ ಕೊಯ್ಲಿನ 27%ಕ್ಕೂ ಇರುವ ಅಂತರವನ್ನೇ ಸಭೆಗೆ ತೋರಿಸಬೇಕಾಗಿದ್ದರೆ ಪೈ, ಡೋನಟ್ ಎರಡನ್ನೂ ಬಿಟ್ಟು ಅಡ್ಡ ಕಂಬದ ಚಾರ್ಟ್ ಹಾಕುತ್ತಿದ್ದೆ.